ಉತ್ತರ ಬಾರದ ಇಮೇಲ್: ಕಳಿಸುವ ಮೊದಲು ಕರಡನ್ನು ತಿದ್ದುವುದು ಹೇಗೆ?



ಹುಣಸೂರು ಕಡೆಯ ಒಂದು ಸಂಘದ ಪ್ರತಿನಿಧಿಗಳಿಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಈ ಸಂಘದವರು ಬ್ಯಾಂಕಿನಿಂದ ಸಾಲ ಪಡೆದು ಸಣ್ಣದೊಂದು ಹಿಟ್ಟಿನ ಮಿಷನ್ ಮತ್ತು ಪ್ಯಾಕೆಟ್ ಸೀಲ್ ಮಾಡುವ ಯಂತ್ರ ತಂದು ರಾಗಿ ಮಾಲ್ಟ್ ಮಾಡುತ್ತಿದ್ದಾರೆ. ಸಂತೆಯಲ್ಲಿ ಮಾರಾಟ ಚೆನ್ನಾಗಿದೆ. ಆದರೆ ಸಂತೆ ವಾರಕ್ಕೊಂದೇ ದಿನ, ಸಾಲದ ಕಂತು ಮಾತ್ರ ತಪ್ಪದೆ ತಿಂಗಳು ತಿಂಗಳು ಬರುತ್ತದೆ. ಅದಕ್ಕೇ ಮೈಸೂರಿನ ಸಿರಿಧಾನ್ಯದ ಅಂಗಡಿಗಳಿಗೆ ಮಾಲು ಹಾಕೋಣ ಅಂತ ತೀರ್ಮಾನ ಮಾಡಿ, 11 ಅಂಗಡಿಗಳ ಇಮೇಲ್ ವಿಳಾಸ ಹುಡುಕಿ ಒಂದು ಇಮೇಲ್ ಕಳಿಸಿದ್ದರು. ಮೂರು ವಾರವಾದರೂ ಒಂದು ಉತ್ತರವೂ ಬರಲಿಲ್ಲ.

"ಸಿಸ್ಟರ್, ನಮ್ಮ ಮಾಲು ಬೇಡ ಅಂತ ಸುಮ್ಮನಾದರೋ, ನಾವು ಬರೆದಿದ್ದು ಸರಿ ಇಲ್ಲ ಅಂತ ಸುಮ್ಮನಾದರೋ, ಅದೇ ಗೊತ್ತಾಗ್ತಿಲ್ಲ" ಎಂದರು ಪ್ರತಿನಿಧಿ. ಇನ್ನೂ ಕೆಲವು ಅಂಗಡಿಗಳ ವಿಳಾಸ ಅವರ ಬಳಿ ಇತ್ತು. ಅವಕ್ಕೂ ಅದೇ ಇಮೇಲ್ ಕಳಿಸುವ ಮೊದಲು ಒಮ್ಮೆ ಕೂತು ನೋಡೋಣ ಎಂದೆವು. ಆ ಮಧ್ಯಾಹ್ನ ನಾವು ಕಂಡ ದೋಷಗಳು ಬೇರೆ ಸಂಘಗಳ ಕಾಗದಗಳಲ್ಲೂ ಇರುತ್ತವೆ. ಆದ್ದರಿಂದ ಸಂಘದವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇವೆ.

ಅವರು ಕಳಿಸಿದ್ದು ಒಂದೂವರೆ ಪುಟ. ಅದರ ಮುಖ್ಯ ಭಾಗ ಹೀಗಿತ್ತು:

"ವಿಷಯ: ವಿನಂತಿ.

ಮಾನ್ಯರೇ, ಸವಿನಯ ವಂದನೆಗಳೊಂದಿಗೆ ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ನಮ್ಮ ಸಂಘವು 2011ರಲ್ಲಿ 15 ಜನ ಬಡ ಮಹಿಳೆಯರಿಂದ ಪ್ರಾರಂಭವಾಗಿದ್ದು, ವಾರಕ್ಕೆ 10 ರೂಪಾಯಿ ಉಳಿತಾಯ ಮಾಡುತ್ತಾ, ಅನೇಕ ತರಬೇತಿಗಳಲ್ಲಿ ಭಾಗವಹಿಸಿ, ಹಲವಾರು ಕಷ್ಟಗಳನ್ನು ಎದುರಿಸಿ ಇಂದು ಸ್ವಂತ ಉದ್ಯೋಗ ಮಾಡುವ ಹಂತಕ್ಕೆ ಬಂದಿರುತ್ತೇವೆ. ನಾವು ರಾಗಿ ಪೌಡರ್ ಹಾಗೂ ಇತರೆ ಪದಾರ್ಥಗಳನ್ನು ತಯಾರಿಸುತ್ತಿದ್ದು, ನಮ್ಮ ಹುರಿಹಿಟ್ಟು ಶೇಕಡಾ 100 ಶುದ್ಧ ಸಾವಯವವಾಗಿದ್ದು, ಸಕ್ಕರೆ ಕಾಯಿಲೆ, ಮೂಳೆ ನೋವು ಮುಂತಾದ ರೋಗಗಳನ್ನು ಗುಣಪಡಿಸುತ್ತದೆ. ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಸಾವಿರಾರು ಗ್ರಾಹಕರು ಮೆಚ್ಚಿರುತ್ತಾರೆ. ಸರ್ಕಾರದಿಂದ ಮಾನ್ಯತೆ ಪಡೆದಿರುತ್ತೇವೆ. ಬೆಲೆ ಕಡಿಮೆ ಇರುತ್ತದೆ. ಆದ್ದರಿಂದ ತಾವು ದಯಮಾಡಿ ಬಡ ಮಹಿಳೆಯರಾದ ನಮಗೆ ಸಹಾಯ ಹಸ್ತ ಚಾಚಬೇಕಾಗಿ ಕಳಕಳಿಯ ಪ್ರಾರ್ಥನೆ."

ಇದರ ಜೊತೆ 14 ಫೋಟೋ. 11 ಅಂಗಡಿಗಳ ವಿಳಾಸವನ್ನೂ ಒಟ್ಟಿಗೇ To ಅನ್ನುವ ಕಡೆ ಹಾಕಿದ್ದರು.

ಓದಿದರೆ ಇದರಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಅರ್ಜಿ ಬರೆದು ಅಭ್ಯಾಸವಾದ ಕೈ ಹೀಗೇ ಬರೆಯುತ್ತದೆ. ಆದರೆ ಇದನ್ನು ಓದುವವರು ಕಚೇರಿಯ ಸಾಹೇಬರಲ್ಲ, ಅಂಗಡಿಯವರು. ಅವರಿಗೆ ನಮ್ಮ ಪರಿಚಯವಿಲ್ಲ. ಗಿರಾಕಿ ನಿಂತಿರುವಾಗ, ಫೋನಿನಲ್ಲಿ, ಅರ್ಧ ನಿಮಿಷ ಓದುತ್ತಾರೆ. ಅಷ್ಟರಲ್ಲಿ ಅವರಿಗೆ ತಿಳಿಯಬೇಕಾದ್ದು ನಾಲ್ಕು: ಏನು ಮಾಲು, ಎಷ್ಟು ಬೆಲೆ, ನಂಬಬಹುದೇ, ಈಗ ನಾನೇನು ಮಾಡಬೇಕು.

ಮೊದಲು: ಅಕ್ಷರ ಕಾಣುತ್ತದೆಯೇ?

ಕರಡಿನ ಮಾತುಗಳಿಗೆ ಹೋಗುವ ಮೊದಲು ಆ ಇಮೇಲನ್ನು ನಮ್ಮ ಕಚೇರಿಯ ವಿಳಾಸಕ್ಕೆ ಕಳಿಸಿ ಅಂದೆವು. ಫೋನಿನಲ್ಲಿ ತೆಗೆದು ನೋಡಿದರೆ ಕನ್ನಡವೇ ಇಲ್ಲ! "ಮಹಿಳಾ" ಎಂದು ಇರಬೇಕಾದ ಕಡೆ `ªÀÄ»¼Á` ಎಂದು ಬಂದಿತ್ತು. ಇಡೀ ಕಾಗದ ಹಾಗೆಯೇ.

ಆದದ್ದಿಷ್ಟೆ. ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ, ಅದನ್ನೇ ಇಮೇಲಿಗೆ ಅಂಟಿಸಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ, ಪ್ರಿಂಟಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ಬರೀ ಚಿಹ್ನೆಗಳು. ಅಂದರೆ ಆ 11 ಅಂಗಡಿಗಳಲ್ಲಿ ಹೆಚ್ಚಿನವರು ಬಹುಶಃ ಒಂದು ಪದವನ್ನೂ ಓದಲು ಆಗಿರಲಿಲ್ಲ. ಕಾರ್ಯದರ್ಶಿ ತಲೆ ಮೇಲೆ ಕೈಯಿಟ್ಟು ಕೂತರು.

ಇದಕ್ಕೆ ಪರಿಹಾರ ಸುಲಭ. ಟೈಪ್ ಮಾಡುವವರಿಗೆ "ಯೂನಿಕೋಡ್‌ನಲ್ಲಿ ಮಾಡಿಕೊಡಿ" ಎಂದು ಹೇಳಬೇಕು. ಅಥವಾ ಫೋನಿನ ಕನ್ನಡ ಕೀಲಿಮಣೆಯಲ್ಲಿ ನಾವೇ ಟೈಪ್ ಮಾಡಬೇಕು, ಅದು ಯೂನಿಕೋಡೇ ಆಗಿರುತ್ತದೆ. ಯಾವ ಇಮೇಲನ್ನೇ ಆಗಲಿ, ಹೊರಗೆ ಕಳಿಸುವ ಮೊದಲು ಸಂಘದ ಬೇರೊಬ್ಬ ಸದಸ್ಯೆಯ ವಿಳಾಸಕ್ಕೆ ಕಳಿಸಿ, ಅವರ ಫೋನಿನಲ್ಲಿ ತೆಗೆದು ನೋಡಬೇಕು.

ಸ್ಪಷ್ಟತೆ: ಏನು ಮಾರುತ್ತಿದ್ದೀರಿ?

ಆಮೇಲೆ ಪ್ರಿಂಟನ್ನು ಮೇಜಿನ ಮೇಲಿಟ್ಟು, ಪೆನ್ಸಿಲ್ ಹಿಡಿದೆವು. ನಮ್ಮ ಕಚೇರಿಯಲ್ಲಿ ಲೆಕ್ಕ ಬರೆಯುವ ಸಹೋದರಿಗೆ ಈ ಸಂಘದ ವಿಷಯ ಏನೂ ಗೊತ್ತಿರಲಿಲ್ಲ. ಅವರನ್ನೇ ಅಂಗಡಿಯವರ ಜಾಗದಲ್ಲಿ ಕೂರಿಸಿ, ಕರಡನ್ನು ಗಟ್ಟಿಯಾಗಿ ಓದಿಸಿದೆವು. ಅರ್ಥವಾಗದ ಕಡೆ ನಿಲ್ಲಿ ಅಂದೆವು. ಕರಡು ಬರೆದವರೇ ಓದಿದರೆ ದೋಷ ಸಿಗುವುದು ಕಷ್ಟ. ಕಾಗದದಲ್ಲಿ ಇಲ್ಲದ್ದನ್ನು ಅವರ ಮನಸ್ಸು ತುಂಬಿಕೊಂಡು ಬಿಡುತ್ತದೆ.

ಅವರು ಮೊದಲು ನಿಂತದ್ದು ಮಾಲಿನ ಹೆಸರಿನಲ್ಲಿ. "ಒಂದು ಕಡೆ ರಾಗಿ ಪೌಡರ್ ಅಂತಿದೆ, ಇನ್ನೊಂದು ಕಡೆ ಹುರಿಹಿಟ್ಟು. ನೀವು ಬಾಯಲ್ಲಿ ಮಾಲ್ಟ್ ಅಂತೀರಿ. ಯಾವುದು?" ಪ್ರಶ್ನೆ ಸಣ್ಣದಲ್ಲ. ಹುರಿಹಿಟ್ಟು ಎಂದರೆ ರಾಗಿಯನ್ನು ಸ್ವಲ್ಪ ನೀರು ಚಿಮುಕಿಸಿ ಇಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ ಹಿಟ್ಟು. ಅದನ್ನು ಬೇಯಿಸದೆ ಹಾಲು, ಬೆಲ್ಲ ಹಾಕಿ ಕಲಸಿ ತಿನ್ನಬಹುದು. ಮಾಲ್ಟ್ ಎಂದರೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೇರು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿದ್ದು. ಅದನ್ನು ಕುದಿಸಿ ಕುಡಿಯಬೇಕು. ಬರೀ ಪೌಡರ್ ಅಂದರೆ ಮುದ್ದೆಗೆ ಹಾಕುವ ಸಾದಾ ಹಿಟ್ಟೂ ಆಗಬಹುದು. ಮೂರಕ್ಕೂ ಬೆಲೆ ಬೇರೆ, ಕೊಳ್ಳುವವರು ಬೇರೆ. ಒಂದೇ ಕಾಗದದಲ್ಲಿ ಎರಡು ಹೆಸರು ಬಂದರೆ ಅಂಗಡಿಯವರಿಗೆ ಇವರಿಗೇ ಗೊತ್ತಿಲ್ಲವೇನೋ ಅನ್ನಿಸುತ್ತದೆ. ಆದ್ದರಿಂದ "ಮೊಳಕೆ ರಾಗಿ ಮಾಲ್ಟ್" ಎಂಬ ಒಂದೇ ಹೆಸರು ಗೊತ್ತು ಮಾಡಿದೆವು. "ಇತರೆ ಪದಾರ್ಥಗಳು" ಎಂಬುದನ್ನು ಹೊಡೆದು ಹಾಕಿದೆವು. ಮೊದಲ ಪರಿಚಯಕ್ಕೆ ಒಂದು ಮಾಲು ಸಾಕು.

ಎರಡನೆಯ ಸಲ ನಿಂತದ್ದು "ಬೆಲೆ ಕಡಿಮೆ ಇರುತ್ತದೆ" ಎಂಬಲ್ಲಿ. ಎಷ್ಟು ಅಂತ ಇಲ್ಲ. ಅಂಗಡಿಯವರಿಗೆ ಎರಡು ಬೆಲೆ ಬೇಕು: ನೀವು ಅವರಿಗೆ ಕೊಡುವ ಬೆಲೆ, ಪ್ಯಾಕೆಟ್ಟಿನ ಮೇಲಿನ ಎಂಆರ್‌ಪಿ. ಇವೆರಡರ ನಡುವಿನ ಅಂತರವೇ ಅವರ ಲಾಭ. ಈ ಸಂಘದ್ದು ಅರ್ಧ ಕೆ.ಜಿ.ಗೆ ಅಂಗಡಿಗೆ ₹140, ಎಂಆರ್‌ಪಿ ₹180. ಅಂದರೆ ಪ್ಯಾಕೆಟ್ಟಿಗೆ ₹40 ಸಿಗುತ್ತದೆ ಎಂದು ಅವರು ಓದುತ್ತಿರುವಾಗಲೇ ಲೆಕ್ಕ ಹಾಕಿಬಿಡುತ್ತಾರೆ.

ಮೂರನೆಯದು ಕೊನೆಯ ಸಾಲು. "ಸಹಾಯ ಹಸ್ತ ಚಾಚಬೇಕು" ಎಂದರೆ ಏನು ಮಾಡಬೇಕು? ದುಡ್ಡು ಕೊಡಬೇಕೇ? ಮಾಲು ತಗೋಬೇಕೇ? ಅಂಗಡಿಯವರಿಗೆ ಇದು ಚಂದಾ ಕೇಳುವ ಕಾಗದದಂತೆ ಕಂಡಿರಬೇಕು. ಕೇಳಿಕೆ ಒಂದೇ ಇರಬೇಕು, ಚಿಕ್ಕದಿರಬೇಕು, "ಹೂಂ" ಎನ್ನಲು ಸುಲಭವಿರಬೇಕು. "ಮಾದರಿ ಪ್ಯಾಕೆಟ್ ತಂದು ಕೊಡಲೇ?" ಎಂಬುದು ಅಂಥ ಕೇಳಿಕೆ.

ಉದ್ದ: ಯಾವುದನ್ನು ಬಿಡುವುದು?

ಈಗ ಪ್ರತಿಯೊಂದು ವಾಕ್ಯದ ಪಕ್ಕದಲ್ಲಿ ಆ ನಾಲ್ಕು ಪ್ರಶ್ನೆಗಳಲ್ಲಿ ಯಾವುದಕ್ಕೆ ಇದು ಉತ್ತರ ಎಂದು ಬರೆಯಿರಿ ಅಂದೆವು. ಯಾವುದಕ್ಕೂ ಉತ್ತರವಲ್ಲದಿದ್ದರೆ ಅಡ್ಡಗೆರೆ. ಮೊದಲ ಅರ್ಧ ಪುಟಕ್ಕೆ ಪೂರ್ತಿ ಗೆರೆ ಬಿತ್ತು. ಸಂಘ ಹುಟ್ಟಿದ್ದು, ವಾರಕ್ಕೆ 10 ರೂಪಾಯಿ ಉಳಿಸಿದ್ದು, ತರಬೇತಿಗೆ ಹೋದದ್ದು, ಎಲ್ಲವೂ.

ಸಂಘದವರಿಗೆ ಇದು ಬೇಸರವೇ ಆಯಿತು. "ಅಷ್ಟು ಕಷ್ಟಪಟ್ಟು ಬಂದಿದ್ದೀವಿ, ಅದನ್ನ ಹೇಳೋದೇ ಬೇಡ್ವಾ ಸಿಸ್ಟರ್?" ಎಂದರು. ಹೇಳಬೇಕು, ಆದರೆ ಮೊದಲ ಕಾಗದದಲ್ಲಿ ಅಲ್ಲ. ಅಂಗಡಿಯವರು ಮಾಲು ಒಪ್ಪಿದ ಮೇಲೆ "ನಿಮ್ಮ ಸಂಘ ಹೇಗೆ ಶುರುವಾಯ್ತು?" ಎಂದು ಅವರೇ ಕೇಳಬಹುದು. ಆಗ ಅದು ಪ್ಯಾಕೆಟ್ಟಿನ ಹಿಂಬದಿಗೂ ಬರಬಹುದು. ಮೊದಲ ಕಾಗದದಲ್ಲಿ ಅದು ಬೆಲೆಯನ್ನು ಕೆಳಕ್ಕೆ ತಳ್ಳುತ್ತದೆ. ಕೆಳಗೆ ಹೋದದ್ದನ್ನು ಎಷ್ಟೋ ಜನ ಓದುವುದೇ ಇಲ್ಲ.

"ಬಡ ಮಹಿಳೆಯರು" ಎಂಬ ಮಾತು ಎರಡು ಸಲ ಬಂದಿತ್ತು. ಎರಡನ್ನೂ ತೆಗೆದೆವು. ಕನಿಕರದಿಂದ ಒಂದು ಸಲ ಕೊಳ್ಳುತ್ತಾರೆ, ಸಾಲದ ಕಂತು ಕಟ್ಟಲು ಪ್ರತಿ ವಾರ ಕೊಳ್ಳುವವರು ಬೇಕು. "ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ" ಎಂಬುದೂ ಹೋಯಿತು. ಮರ್ಯಾದೆಗೆ "ಮಾನ್ಯರೇ" ಮತ್ತು "ವಂದನೆಗಳೊಂದಿಗೆ" ಸಾಕು.

ವಿಷಯದ ಸಾಲನ್ನು ಮಾತ್ರ ಉದ್ದ ಮಾಡಿದೆವು. "ವಿನಂತಿ" ಎಂದರೆ ಏನೂ ತಿಳಿಯುವುದಿಲ್ಲ, ತೆಗೆಯದೆಯೇ ಅಳಿಸಿಬಿಡಬಹುದು. ಆದರೆ ಫೋನಿನಲ್ಲಿ ಉದ್ದ ಸಾಲು ಅರ್ಧಕ್ಕೇ ತುಂಡಾಗುತ್ತದೆ, ಆದ್ದರಿಂದ ಮಾಲಿನ ಹೆಸರು ಮೊದಲೇ ಬರಬೇಕು.

ಫೋಟೋ 14ರಿಂದ ಎರಡಕ್ಕೆ ಇಳಿಯಿತು: ಪ್ಯಾಕೆಟ್ಟಿನ ಮುಂಭಾಗ, ಲೇಬಲ್ ಓದಲು ಬರುವಂತೆ ಹಿಂಭಾಗ. ಸಭೆಯ ಫೋಟೋ, ದೀಪ ಬೆಳಗುವ ಫೋಟೋ ಅಂಗಡಿಯವರಿಗೆ ಬೇಡ. ಜೀಮೇಲ್‌ನಲ್ಲಿ ಒಂದು ಇಮೇಲಿಗೆ 25 ಎಂಬಿಗಿಂತ ಹೆಚ್ಚು ಲಗತ್ತಿಸಲು ಬರುವುದಿಲ್ಲ. ಅದರೊಳಗೇ ಇದ್ದರೂ ಭಾರದ ಇಮೇಲ್ ನಿಧಾನ ನೆಟ್‌ವರ್ಕಿನಲ್ಲಿ ಬೇಗ ತೆರೆಯದು.

ನಂಬಿಕೆ: ಯಾವ ಮಾತಿಗೆ ಆಧಾರವಿದೆ?

ಮೂರನೆಯ ಸುತ್ತಿನಲ್ಲಿ ಪ್ರತಿ ಹೇಳಿಕೆಗೂ "ತೋರಿಸಿ ನೋಡೋಣ" ಎಂದು ಕೇಳಿದೆವು. ಇಲ್ಲಿಯೇ ಹೆಚ್ಚು ಹೊತ್ತು ಹಿಡಿಯಿತು.

"ರೋಗಗಳನ್ನು ಗುಣಪಡಿಸುತ್ತದೆ" ಎಂಬುದು ಎಲ್ಲಕ್ಕಿಂತ ಅಪಾಯದ ಮಾತು. ಆಹಾರ ಪದಾರ್ಥದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಮಾಡಿದರೆ, 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮಿನಂತೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡವಿದೆ. ತಿಳಿದ ಅಂಗಡಿಯವರು ಇಂಥ ಮಾತು ಕಂಡ ಕೂಡಲೇ ದೂರ ಸರಿಯುತ್ತಾರೆ. ಅಲ್ಲದೆ ಅದು ನಿಜವೂ ಅಲ್ಲ. ಮೊಳಕೆ ಬರುವಾಗ ರಾಗಿಯ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಮಾರ್ಪಡುತ್ತದೆ, ಮಾಲ್ಟ್ ಸ್ವಲ್ಪ ಸಿಹಿ ಅನಿಸುವುದು ಅದಕ್ಕೇ. ಸಕ್ಕರೆ ಕಾಯಿಲೆಯವರು ಇದನ್ನೇ ಔಷಧಿ ಅಂತ ನಂಬಿ ಮಾತ್ರೆ ಬಿಟ್ಟರೆ ಹೊಣೆ ಯಾರು? ಏನಾದರೂ ಹೇಳಲೇಬೇಕಾದರೆ, ರಾಗಿಯಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಅಕ್ಕಿ ಗೋಧಿಗಿಂತ ಬಹಳ ಹೆಚ್ಚು ಎಂಬುದು ನಿಜ. ಆದರೆ ಸಿರಿಧಾನ್ಯದ ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಬಿಟ್ಟೆವು.

"ಶೇಕಡಾ 100 ಸಾವಯವ." ಪ್ರಮಾಣಪತ್ರ ಇದೆಯೇ ಎಂದರೆ ಇಲ್ಲ. ರಾಗಿ ಕೊಟ್ಟ ರೈತರು ಗೊಬ್ಬರ ಮಾತ್ರ ಹಾಕಿದ್ದರು ಎಂದರು. ಅದು ನಿಜವಿರಬಹುದು. ಆದರೆ 2017ರ ಸಾವಯವ ಆಹಾರ ನಿಯಮಗಳ ಪ್ರಕಾರ, ಅಂಗಡಿಯ ಮೂಲಕ ಸಾವಯವ ಎಂದು ಮಾರಬೇಕಾದರೆ ಎನ್‌ಪಿಒಪಿ ಇಲ್ಲವೇ ಪಿಜಿಎಸ್-ಇಂಡಿಯಾ ಪ್ರಮಾಣೀಕರಣ ಬೇಕು. ಎರಡನೆಯದರಲ್ಲಿ ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಅದು ಆಗುವವರೆಗೆ ಆ ಪದ ಬೇಡ. "ನಮ್ಮ ತಾಲ್ಲೂಕಿನ ರೈತರಿಂದ ನೇರ ಕೊಂಡ ರಾಗಿ" ಎಂದು ಬರೆದೆವು. ಅದಕ್ಕೆ ಖರೀದಿ ಚೀಟಿಗಳಿವೆ.

"ಸಾವಿರಾರು ಗ್ರಾಹಕರು." ಮಾರಾಟದ ಪುಸ್ತಕ ತೆಗೆಸಿದೆವು. 8 ತಿಂಗಳಲ್ಲಿ 620 ಪ್ಯಾಕೆಟ್ ಹೋಗಿತ್ತು. ಸಾವಿರಾರು ಎಂಬುದನ್ನು ಯಾರೂ ನಂಬುವುದಿಲ್ಲ, 620 ಎಂಬುದನ್ನು ನಂಬುತ್ತಾರೆ. ಎಣಿಸಿದವರು ಮಾತ್ರ ಹೇಳುವ ಸಂಖ್ಯೆ ಅದು.

"ಸರ್ಕಾರದಿಂದ ಮಾನ್ಯತೆ" ಎಂದರೆ ಏನು ಎಂದು ಕೇಳಿದಾಗ, ಎಫ್‌ಎಸ್‌ಎಸ್‌ಎಐ ನೋಂದಣಿ ಎಂದರು. ನೋಡಿ, ಅವರ ಬಳಿ ಇದ್ದ ಅತಿ ಗಟ್ಟಿ ಆಧಾರ ಇದೇ. ಅದನ್ನೇ ಮಂಕಾಗಿ ಬರೆದಿದ್ದರು! ಆ ನೋಂದಣಿಗೆ 14 ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ಪೂರ್ತಿ ಬರೆದರೆ ಅಂಗಡಿಯವರು ಇಲಾಖೆಯ ಜಾಲತಾಣದಲ್ಲಿ ತಾವೇ ಹುಡುಕಿ ನೋಡಿಕೊಳ್ಳಬಹುದು. ಓದುವವರು ತಾವೇ ಪರೀಕ್ಷಿಸಬಹುದಾದ ಒಂದು ಮಾತು, ನಾವು ನಮ್ಮನ್ನೇ ಹೊಗಳಿಕೊಳ್ಳುವ ಹತ್ತು ಮಾತಿಗಿಂತ ಮೇಲು.

"ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ" ಎಂಬುದಕ್ಕೆ ಸದಸ್ಯೆಯೊಬ್ಬರೇ ನಕ್ಕರು. ಲೇಬಲ್ಲಿನಲ್ಲಿ 3 ತಿಂಗಳು ಎಂದು ಅವರೇ ಹಾಕಿದ್ದಾರೆ. ಕಾಗದ ಒಂದು, ಲೇಬಲ್ ಒಂದು ಹೇಳಿದರೆ ಎರಡನ್ನೂ ನಂಬುವುದಿಲ್ಲ. ಮಾತು ಬಂದಾಗ ಇನ್ನೊಂದು ವಿಷಯ ಹೊರಬಿತ್ತು. ಮಳೆಗಾಲದಲ್ಲಿ ಮೊಳಕೆ ಒಣಗುವುದು ಕಷ್ಟ, ವಾರಕ್ಕೆ 80 ಪ್ಯಾಕೆಟ್ ಮಾಡುವವರು ಆಗ 40 ಮಾತ್ರ ಮಾಡುತ್ತಾರೆ. "ಇದನ್ನ ಮುಚ್ಚಿಡೋಣ" ಎಂದರು ಕೆಲವರು. ಬೇಡ ಅಂದೆವು. ಜುಲೈ ತಿಂಗಳಲ್ಲಿ ಮಾಲು ತಪ್ಪಿದರೆ ಅಂಗಡಿಯೇ ತಪ್ಪುತ್ತದೆ. ಮೊದಲೇ ಹೇಳಿದರೆ ಇವರು ಲೆಕ್ಕ ಗೊತ್ತಿದ್ದವರು ಅನ್ನಿಸುತ್ತದೆ.

ತಿದ್ದಿದ ಇಮೇಲ್

"ವಿಷಯ: ಮೊಳಕೆ ರಾಗಿ ಮಾಲ್ಟ್, ಅರ್ಧ ಕೆ.ಜಿ. ₹140: ಮಾದರಿ ಕೊಡಲೇ?

ಮಾನ್ಯರೇ,

ನಾವು ಹುಣಸೂರು ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘದವರು. ನಮ್ಮ ತಾಲ್ಲೂಕಿನ ರೈತರಿಂದ ನೇರ ಕೊಂಡ ರಾಗಿಯಿಂದ ಮೊಳಕೆ ಮಾಲ್ಟ್ ತಯಾರಿಸುತ್ತೇವೆ. ನಿಮ್ಮ ಅಂಗಡಿಯಲ್ಲಿ ಸಿರಿಧಾನ್ಯದ ಹಿಟ್ಟುಗಳನ್ನು ನೋಡಿ ಬರೆಯುತ್ತಿದ್ದೇವೆ.

ಅರ್ಧ ಕೆ.ಜಿ. ಪ್ಯಾಕೆಟ್ ನಿಮಗೆ ₹140, ಎಂಆರ್‌ಪಿ ₹180. ಪದಾರ್ಥ: ರಾಗಿ, ಏಲಕ್ಕಿ. ತಯಾರಿಸಿದ ದಿನದಿಂದ 3 ತಿಂಗಳೊಳಗೆ ಬಳಸಬೇಕು. ವಾರಕ್ಕೆ 80 ಪ್ಯಾಕೆಟ್ ಕೊಡಬಲ್ಲೆವು, ಮಳೆಗಾಲದಲ್ಲಿ 40. 20 ಪ್ಯಾಕೆಟ್ಟಿಗಿಂತ ಹೆಚ್ಚಿದ್ದರೆ ಅಂಗಡಿಗೇ ತಲುಪಿಸುತ್ತೇವೆ.

ಕಳೆದ 8 ತಿಂಗಳಲ್ಲಿ ಸಂತೆ ಮತ್ತು ಮನೆಗಳಿಗೆ 620 ಪ್ಯಾಕೆಟ್ ಮಾರಿದ್ದೇವೆ. ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ: (14 ಅಂಕಿ). ಲೇಬಲ್ಲಿನ ಫೋಟೋ ಲಗತ್ತಿಸಿದೆ.

ಮುಂದಿನ ಮಂಗಳವಾರ ಮೈಸೂರಿಗೆ ಬರುತ್ತೇವೆ. ಎರಡು ಮಾದರಿ ಪ್ಯಾಕೆಟ್ ತಂದು ಕೊಡಲೇ?

ವಂದನೆಗಳೊಂದಿಗೆ,
(ಹೆಸರು), ಪ್ರತಿನಿಧಿ, (ಸಂಘದ ಹೆಸರು, ಊರು), (ಫೋನ್), ಬೆಳಿಗ್ಗೆ 10ರಿಂದ ಸಂಜೆ 5"

ಫೋನಿನಲ್ಲಿ ತೆಗೆದು ಓದಿಸಿದೆವು. ಲೆಕ್ಕದ ಸಹೋದರಿ ಎಲ್ಲೂ ನಿಲ್ಲದೆ ಮುಗಿಸಿದರು. ಮಾಲು, ಬೆಲೆ, ಆಧಾರ, ಕೇಳಿಕೆ, ನಾಲ್ಕನ್ನೂ ಕಾಗದ ನೋಡದೆ ತಿರುಗಿ ಹೇಳಿದರು. ಕರಡು ಸರಿಯಾಗಿದೆ ಎನ್ನಲು ಇದಕ್ಕಿಂತ ಬೇರೆ ಪರೀಕ್ಷೆ ಬೇಡ.

ಕಳಿಸುವ ಕ್ರಮವನ್ನೂ ಬದಲಿಸಿದೆವು. ಎಲ್ಲರ ವಿಳಾಸ To ಅಲ್ಲಿ ಹಾಕಿದರೆ ಪ್ರತಿಯೊಬ್ಬ ಅಂಗಡಿಯವರಿಗೂ ಉಳಿದವರ ವಿಳಾಸ ಕಾಣುತ್ತದೆ. ಎಲ್ಲರಿಗೂ ಹಂಚಿದ ಕರಪತ್ರ ಇದು ಅನ್ನಿಸಿ, ಉತ್ತರ ಕೊಡುವ ಮನಸ್ಸು ಬರುವುದಿಲ್ಲ. ಒಂದೊಂದು ಅಂಗಡಿಗೆ ಒಂದೊಂದು ಇಮೇಲ್ ಕಳಿಸಬೇಕು. ಅಂಗಡಿಯ ಬಗ್ಗೆ ಬರೆದ ಸಾಲು ಆ ಅಂಗಡಿಗೆ ನಿಜವಾಗಿರಬೇಕು. ಹೋಗಿ ನೋಡದೆ "ನೋಡಿದೆವು" ಎಂದು ಬರೆಯಬಾರದು. ಐದು ದಿನ ಕಾದು ಉತ್ತರ ಬಾರದಿದ್ದರೆ ಒಂದು ಸಲ ಫೋನ್ ಮಾಡಬಹುದು. ಮತ್ತೆ ಮತ್ತೆ ಬೇಡ.

ಸಂಘದವರು ಹೊಸ ಕಾಗದವನ್ನು ಆರು ಅಂಗಡಿಗಳಿಗೆ ಕಳಿಸಿದರು. ಇಬ್ಬರು ಉತ್ತರಿಸಿದರು. ಒಬ್ಬರು ಮಾದರಿ ತನ್ನಿ ಎಂದರು, ಆಮೇಲೆ 20 ಪ್ಯಾಕೆಟ್ ತೆಗೆದುಕೊಂಡರು. ಇನ್ನೊಬ್ಬರು "ಲ್ಯಾಬ್ ಪರೀಕ್ಷೆಯ ವರದಿ ಇದೆಯೇ?" ಎಂದು ಕೇಳಿದರು. ಅದು ಇವರ ಬಳಿ ಇಲ್ಲ. "ಇಲ್ಲ, ಮಾಡಿಸಿದ ಮೇಲೆ ಬರೆಯುತ್ತೇವೆ" ಎಂದು ಉತ್ತರ ಕೊಟ್ಟಿದ್ದಾರೆ. ಕಾಗದ ಎಷ್ಟೇ ಚೆನ್ನಾಗಿದ್ದರೂ ಇಲ್ಲದ ವರದಿಯನ್ನು ಅದು ತರುವುದಿಲ್ಲ. ಆದರೆ ಮುಂದಿನ ಖರ್ಚು ಯಾವುದಕ್ಕೆ ಎಂಬುದು ಈಗ ಸಂಘಕ್ಕೆ ಗೊತ್ತಾಗಿದೆ.

ನಿಮ್ಮ ಸಂಘದಲ್ಲೂ ಅಂಗಡಿಗೆ, ಹಾಸ್ಟೆಲಿಗೆ, ಕ್ಯಾಂಟೀನಿಗೆ ಬರೆದ ಇಮೇಲಿನ ಕರಡು ಇದ್ದರೆ, ಕಳಿಸುವ ಮೊದಲು ತಿಂಗಳ ಸಭೆಗೆ ತನ್ನಿ. ಜೊತೆಗೆ ಮಾರಾಟದ ಪುಸ್ತಕ, ಲೇಬಲ್, ನೋಂದಣಿ ಪತ್ರ ಇರಲಿ. ಅವುಗಳನ್ನು ಪಕ್ಕದಲ್ಲಿಟ್ಟುಕೊಂಡೇ ಒಂದೊಂದು ಸಾಲು ಓದೋಣ.